ಕಾವು ಕೂತದ್ದು ಯಾರು

ದೇವಿಕೊಪ್ಪದ ಹತ್ತಿರದ ಒಂದು ಊರಿನ ಪಂಚಾಯಿತಿ ತನ್ನ ಸೀಮೆಯ ಗಿಡ, ಮೀನು, ಹಕ್ಕಿಗಳ ದಾಖಲೆ ಪುಸ್ತಕ ಮಾಡಿಸುತ್ತಿತ್ತು. ಹಕ್ಕಿಗಳ ಭಾಗ ನನಗೆ ಬಂತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು ಅನ್ನುವುದೊಂದೇ ಅದಕ್ಕೆ ಕಾರಣ. ಎಂ.ಎಸ್ಸಿ.ಯಲ್ಲಿ ನಾನು ಓದಿದ್ದು ಮೀನಿನ ರಕ್ತದ ಬಗ್ಗೆ. ಹಕ್ಕಿ ನನಗೆ ರವಿವಾರದ ಹವ್ಯಾಸ.

ಆ ಪುಸ್ತಕದಲ್ಲಿ ಒಂದು ಹಕ್ಕಿಗೆ ಒಂದು ಪುಟ. ಮೇಲೆ ಫೋಟೋ, ಕೆಳಗೆ ನಾಲ್ಕು ಸಾಲು, ಅದರ ಕೆಳಗೆ ಮಾಹಿತಿ ಕೊಟ್ಟವರ ಹೆಸರು ಮತ್ತು ಸಹಿ. ಭತ್ತದ ಗದ್ದೆಯಲ್ಲಿ ಬೇರೆ ಬೇರೆ ದಿನ ತೆಗೆದ ಎರಡು ಫೋಟೋಗಳನ್ನು ನಾನು ಎರಡು ಪುಟಕ್ಕೆ ಅಂಟಿಸಿದ್ದೆ. ಒಂದರಲ್ಲಿ ಇಟ್ಟಂಗಿ ಬಣ್ಣದ ಕುತ್ತಿಗೆ, ಕಣ್ಣಿನ ಸುತ್ತ ಸುಣ್ಣ ಬಳಿದಂತೆ ಬಿಳಿ, ಹೆಗಲ ಮೇಲೆ ಬಿಳಿ ಪಟ್ಟಿ. ಅದಕ್ಕೆ ಬಣ್ಣದ ಉಲ್ಲಂಕಿ ಎಂದು ಬರೆದೆ. ಇನ್ನೊಂದರಲ್ಲಿ ಒಣ ಹುಲ್ಲಿನ ಬಣ್ಣದ, ಮೈತುಂಬ ಚುಕ್ಕೆಯ ಹಕ್ಕಿ. ಅದಕ್ಕೆ ಬೇರೊಂದು ಉಲ್ಲಂಕಿಯ ಹೆಸರು ಕೊಟ್ಟೆ.

ಆ ಗದ್ದೆಯ ಒಡತಿಯ ಸಹಿ ಬೇಕಾಗಿತ್ತು. ಏಳನೇ ಇಯತ್ತೆಯವರೆಗೆ ಓದಿದ, ಐವತ್ತು ದಾಟಿದ ಹೆಣ್ಣುಮಗಳು. ದಿನಾ ಗದ್ದೆಗಿಳಿದು ಕಳೆ-ಕಸ ತೆಗೆಯುವವಳು. ಆಕೆ ಎರಡೂ ಪುಟ ತಿರುವಿ ನೋಡಿದಳು. ಬಾಜು ಕೂತಿದ್ದ ಹೆಂಗಸರಿಗೂ ತೋರಿಸಿದಳು.

"ಗಂಡಾ ಹೆಂಡತಿನ್ನ ಬ್ಯಾರೆ ಬ್ಯಾರೆ ಮನಿಗೆ ಕಳಿಸೀರಲ್ರಿ, ಸರ!"

ಹೆಂಗಸರು ನಕ್ಕರು. ನಾನೂ ನಕ್ಕೆ. ತಪ್ಪು ತಕ್ಷಣ ತಿಳಿದಿತ್ತು. ನವಿಲಿನಲ್ಲಿ, ಬಾತುಗಳಲ್ಲಿ ಗಂಡು ಹೆಣ್ಣಿನ ಬಣ್ಣ ಬೇರೆ ಇರುತ್ತದೆ, ಬರೀ ಫೋಟೋ ನೋಡಿದವರು ಎರಡು ಜಾತಿ ಅನ್ನುತ್ತಾರೆ ಎಂದು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುವವನು ನಾನೇ. ಅಲ್ಲೇ ಎರಡೂ ಫೋಟೋ ಕಿತ್ತು ಒಂದೇ ಪುಟಕ್ಕೆ ಅಂಟಿಸಿದೆ. ಬಣ್ಣದ್ದರ ಕೆಳಗೆ 'ಗಂಡು' ಎಂದೂ, ಮಾಸಿದ್ದರ ಕೆಳಗೆ 'ಹೆಣ್ಣು, ಕಾವು ಕೂಡುತ್ತದೆ' ಎಂದೂ ಬರೆದು ಪೆನ್ನು ಮುಂದೆ ಚಾಚಿದೆ.

ಆಕೆ ಪೆನ್ನು ಮುಟ್ಟಲಿಲ್ಲ.

"ನಾ ಹಿಂಗ ಹೇಳಿಲ್ಲರಿ. ಬಣ್ಣದಾಕಿ ಹೆಣ್ಣು. ಕಾವು ಕೂಡಾಂವ ಗಂಡು."

"ಅಕ್ಕಾರ, ನವಿಲಿನಾಗ ನೋಡ್ರಿ—"

"ನವಿಲಿನ ಸುದ್ದಿ ನವಿಲಿಗೆ. ನನ್ನ ಹೆಸರಿನ ಮ್ಯಾಲ ಸುಳ್ಳ ಬರದು ನನ್ನ ಕಡೆನ ಸಹಿ ಕೇಳ್ತೀರಲ್ಲ."

ಪಂಚಾಯಿತಿ ಕಾರ್ಯದರ್ಶಿ ಗಡಿಯಾರ ನೋಡಿಕೊಂಡ. ಮುಂದಿನ ಸೋಮವಾರ ಪುಸ್ತಕ ತಾಲ್ಲೂಕಿಗೆ ಹೋಗಬೇಕಿತ್ತು. "ಸರ್, ಬ್ಯಾರೆ ಯಾರದರ ಸಹಿ ಹಾಕಿಸೂಣು. ಹಕ್ಕಿ ಏನು ಕೋರ್ಟಿಗೆ ಹೋಕ್ಕೈತಿ?"

ಆಗ ನಾನೊಂದು ಮಾತು ಹೇಳಿದೆ. ಇವತ್ತು ನೆನೆದರೆ ನಾಚಿಕೆಯಾಗುತ್ತದೆ. ವಿದ್ಯಾರ್ಥಿಯಾಗಿದ್ದಾಗ ಈ ಹಕ್ಕಿಯ ಗೂಡನ್ನು ಕಣ್ಣಾರೆ ಕಂಡಿದ್ದೇನೆ, ಮಾಸಿದ ಹೆಣ್ಣು ಕಾವು ಕೂತಿತ್ತು, ಬಣ್ಣದ ಗಂಡು ಪಕ್ಕದಲ್ಲಿ ಕಾವಲು ನಿಂತಿತ್ತು ಎಂದೆ. ಸುಳ್ಳಲ್ಲ, ಆ ಚಿತ್ರ ನನ್ನ ತಲೆಯಲ್ಲಿತ್ತು. ಕಾವಲು ನಿಂತ ಹಕ್ಕಿಯ ಒಂದು ಕಾಲು ನೀರಿನಲ್ಲಿದ್ದದ್ದು ಸಹ ನೆನಪಿತ್ತು.

ಆಕೆ ಸಿಟ್ಟಾಗಲಿಲ್ಲ. "ನೀವು ಎಷ್ಟ ದಿನಾ ನೋಡೀರಿ?"

"ಒಂದು ದಿನ."

"ನಾ ಮಳಿ ಹಿಡದಾಗಿಂದ ನೋಡಾಕತ್ತೇನ್ರಿ. ಬಣ್ಣದಾಕಿ ಗೂಡಿನಾಗ ಹೊಕ್ಕು ಎದ್ದ ಹೋದ್ಲಂದ್ರ ಒಂದು ತತ್ತಿ. ಮರುದಿನಾ ಮತ್ತೊಂದು. ನಾಕ ಆದಮ್ಯಾಲ ಆಕಿ ಆ ಕಡೆ ಹಾಯಲಿಲ್ಲ. ಆಮ್ಯಾಲ ಕೂತಾಂವ ಆ ಮಾಸಲಾಂವ. ತತ್ತಿ ಇಟ್ಟಾಕಿ ಹೆಣ್ಣಲ್ಲೇನು? ಇದಕ್ಕ ನಿಮ್ಮ ಕಾಲೇಜ ಬೇಕೇನು?"

ಬಾಜುದ ಹೆಂಗಸೊಬ್ಬಳು ಮೆಲ್ಲಗೆ ಅಂದಳು: "ಅಂಥಾ ಗಂಡ ಇದ್ದರ ನಮ್ಮನಿಯಾಂವಗ ಒಂದೀಟು ತೋರಸ್ರಿ." ಮತ್ತೆ ನಗು.

ಮನೆಗೆ ಹೋಗಿ ನನ್ನ ಹಕ್ಕಿಗಳ ಕೈಪಿಡಿ ಪುಸ್ತಕ ತೆಗೆದೆ. ಇಷ್ಟು ವರ್ಷ ಅದರ ಚಿತ್ರಗಳನ್ನಷ್ಟೇ ನೋಡಿದ್ದೆ, ಎದುರು ಪುಟದ ಸಣ್ಣಕ್ಷರ ಓದಿರಲಿಲ್ಲ. ಅಲ್ಲಿ ಸ್ಪಷ್ಟವಾಗಿತ್ತು: ಈ ಜಾತಿಯಲ್ಲಿ ಹೆಣ್ಣೇ ದೊಡ್ಡದು, ಬಣ್ಣದ್ದು; ಕಾವು ಮತ್ತು ಮರಿಗಳ ಪಾಲನೆ ಗಂಡಿನದು. ನಂತರ ಅಟ್ಟದ ಮೇಲಿನ ಟ್ರಂಕಿನಿಂದ ನನ್ನ ಹಳೆಯ ನೋಟ್‌ಬುಕ್ಕು ಹುಡುಕಿದೆ. ಆ ದಿನದ್ದು ಒಂದೇ ಸಾಲು ಸಿಕ್ಕಿತು. 'ಗೂಡಿನ ಮೇಲೆ ಕಂದು ಹಕ್ಕಿ. ಹತ್ತಿರ ಬೇರೆ ಹಕ್ಕಿ ಇಲ್ಲ.'

ಬೇರೆ ಹಕ್ಕಿ ಇಲ್ಲ. ಹಾಗಾದರೆ ನೀರಿನಲ್ಲಿ ಒಂದು ಕಾಲಿಟ್ಟ ಆ ಕಾವಲುಗಾರ ಎಲ್ಲಿಂದ ಬಂದ? ನಾನೇ ತಂದು ನಿಲ್ಲಿಸಿದ್ದೆ. ಆ ಗೂಡಿನ ಕಥೆಯನ್ನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳಿ ಹೇಳಿ ಅವನನ್ನು ಗಟ್ಟಿ ಮಾಡಿದ್ದೆ. ಅವನನ್ನು ನಂಬಿದ ಹುಡುಗರು ಈಗ ಎಷ್ಟೋ ಶಾಲೆಗಳಲ್ಲಿ ಮಾಸ್ತರರಾಗಿದ್ದಾರೆ.

ಪುಸ್ತಕ ನೋಡಿ ಪುಟ ತಿದ್ದಿಬಿಡಬಹುದಿತ್ತು. ಆದರೆ ಆ ದಾಖಲೆಯಲ್ಲಿ ಬರಬೇಕಾದದ್ದು ಊರವರು ಕಂಡದ್ದು. ನನ್ನ ಕಣ್ಣಿನ ಮೇಲೆ ನಂಬಿಕೆ ಹೋಗಿತ್ತು. ಅದಕ್ಕೇ ಅದನ್ನು ಇನ್ನೊಮ್ಮೆ ಕೆಲಸಕ್ಕೆ ಹಚ್ಚಬೇಕು ಅನ್ನಿಸಿತು. ಮರುದಿನ, ಮಂಗಳವಾರ, ಆಕೆಗೆ ಫೋನು ಮಾಡಿದೆ. ಕೆರೆ ಕಡೆಯ ಮೂಲೆಯಲ್ಲಿ ಹೊಸ ಗೂಡೊಂದು ಬಿದ್ದಿದೆ, ಇವತ್ತು ಒಂದು ತತ್ತಿ ಇದೆ ಎಂದಳು.

ಬುಧವಾರದಿಂದ ಕಾಲೇಜಿಗೆ ರಜೆ ಹಾಕಿದೆ. ಬೆಳಗಾಗುವುದರೊಳಗೆ ಬದುವಿನ ಮೇಲೆ, ಗೊಬ್ಬರದ ಚೀಲ ಹಾಸಿಕೊಂಡು, ಬೈನಾಕ್ಯುಲರ್ ಹಿಡಿದು ಕೂತೆ. ಮೊದಲ ದಿನ ಇಟ್ಟಂಗಿ ಕುತ್ತಿಗೆಯ ಹಕ್ಕಿ ಭತ್ತದ ಬುಡದಿಂದ ಹೊರಬಂದು, ತಲೆ ತಗ್ಗಿಸಿ ಒಂದು ಹುಲ್ಲಿನ ಗುಂಪಿನೊಳಗೆ ಹೊಕ್ಕಿತು. ಸಾಕಷ್ಟು ಹೊತ್ತಿನ ಮೇಲೆ ಎದ್ದು ಹೋಯಿತು. ಅಕ್ಕ ಕಸ ತೆಗೆಯುತ್ತ ಆ ಕಡೆ ಬಂದವಳು ಕೋಲಿನಿಂದ ಹುಲ್ಲು ಸರಿಸಿ ಎರಡು ಬೆರಳು ಎತ್ತಿ ತೋರಿಸಿದಳು. ಗುರುವಾರ ನನಗೆ ಹಕ್ಕಿ ಕಾಣಲೇ ಇಲ್ಲ. ಮೊಟ್ಟೆ ಮಾತ್ರ ಮೂರಾಗಿದ್ದವು. ಅದನ್ನೂ ಹಾಗೆಯೇ ಬರೆದುಕೊಂಡೆ, ಕಂಡಿಲ್ಲ ಎಂದು. ಶುಕ್ರವಾರ ಮತ್ತೆ ಅದೇ ಬಣ್ಣದ ಹಕ್ಕಿ ಹೊಕ್ಕು ಹೊರಬಂತು. ನಾಲ್ಕು. ಹಳದಿ ಛಾಯೆಯ ಮೇಲೆ ದಟ್ಟ ಕಪ್ಪು ಮಚ್ಚೆ.

ಅವತ್ತು ಸಂಜೆ ಕೆರೆಯ ಆಚೆ ದಂಡೆಯಿಂದ ಖಾಲಿ ಬಾಟಲಿಯ ಬಾಯಿಗೆ ಊದಿದಂಥ ಕೂಗು ಬಂತು.

"ಆಕಿನ ರಿ," ಎಂದಳು ಅಕ್ಕ. "ಮತ್ತೊಬ್ಬಾಂವನ್ನ ಕರಿಯಾಕತ್ತಾಳ."

ಶನಿವಾರ, ರವಿವಾರ ಎರಡೂ ದಿನ ಗೂಡಿನ ಮೇಲಿದ್ದದ್ದು ಮಾಸಲು ಹಕ್ಕಿ. ಬಣ್ಣದ್ದು ಹತ್ತಿರ ಸುಳಿಯಲಿಲ್ಲ. ಕಾವಲಿಗೂ ಯಾರೂ ಇರಲಿಲ್ಲ. ಕಸ ತೆಗೆಯುವ ಹೆಂಗಸರು ಆ ಗುಂಪಿನ ಸುತ್ತ ಮೊಳದಷ್ಟು ಹುಲ್ಲು ಹಾಗೇ ಬಿಟ್ಟು ಮುಂದೆ ಸಾಗಿದರು.

ಸೋಮವಾರ ಕಾರ್ಯದರ್ಶಿಯ ಮುಂದೆ ಹೊಸ ಹಾಳೆಯಲ್ಲಿ ಆ ಪುಟ ಬರೆದೆ. ಬಣ್ಣದ್ದು ಹೆಣ್ಣು. ಮೊಟ್ಟೆಯಿಟ್ಟು ಹೋಗುತ್ತದೆ. ಮಾಸಲು ಬಣ್ಣದ್ದು ಗಂಡು. ಕಾವು ಕೂಡುತ್ತದೆ. ಅದರ ಕೆಳಗೆ ಯಾವ ದಿನ ಏನು ಕಂಡೆ ಎಂಬುದನ್ನೂ ಬರೆದೆ. ಅಕ್ಕ ಪ್ರತಿ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಓದಿ ಮುಗಿಸಿ ನನ್ನ ಕಡೆ ನೋಡಿದಳು.

"ಗುರುವಾರ ನಿಮಗ ಹಕ್ಕಿ ಕಂಡಿಲ್ಲಂತ ಬರದೀರಲ್ರಿ."

"ಹೌದ್ರಿ. ಕಂಡಿಲ್ಲ, ಅದಕ್ಕ ಬರದೇನಿ."

"ನನಗ ಕಂಡಿತ್ತರಿ. ನೀವು ಚಾ ಕುಡ್ಯಾಕ ಹೋದಾಗ. ಅದನ್ನೂ ಬರೀರಿ."

ಬರೆದೆ. ಆಕೆ ಪೆನ್ನು ತೆಗೆದುಕೊಂಡು ಪೂರ್ತಿ ಹೆಸರು ಬರೆದಳು. ಮರುದಿನ ಕ್ಲಾಸಿನಲ್ಲಿ ನಾನು ಮೊದಲು ಮಾಡಿದ ಕೆಲಸ, ಆ ಕಾವಲುಗಾರ ಹಕ್ಕಿಯನ್ನು ನಾನು ಕಂಡೇ ಇರಲಿಲ್ಲ ಎಂದು ಹೇಳಿದ್ದು.