ಹುಳದ ಮನೆಯ ಸೀರೆ, ಪಟ್ಟಣದ ಚೂಡಿದಾರ

ಬಟ್ಟೆ ಕೊಳ್ಳುವವರಿಗೆ ನನ್ನದೊಂದು ಬುದ್ಧಿಮಾತು ಇದೆ. ಬೆಲೆ ಕೇಳುವುದಕ್ಕೆ ಮುಂಚೆ, ಈ ಬಟ್ಟೆ ತೊಟ್ಟು ಎಲ್ಲಿ ಕೂರಬೇಕು, ಏನು ಮಾಡಬೇಕು ಎಂದು ಕೇಳಿಕೊಳ್ಳಿ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದ ಅಂಗಡಿಯವರು ಕಡಿಮೆ. ಆದರೆ ಬದುಕಿನಲ್ಲಿ ಅತಿ ಚೆನ್ನಾಗಿ ಚೌಕಾಸಿ ಮಾಡಿದ ದಿನವೇ ನಾನು ಅತಿ ಕೆಟ್ಟ ಬಟ್ಟೆ ತಂದೆ.

ತೊಂಬತ್ತರ ದಶಕದ ಮಾತು. ಸಾದಲಿ ಕಡೆಯ ಹಳ್ಳಿ ನಮ್ಮದು. ಎರಡು ಎಕರೆ ಹಿಪ್ಪುನೇರಳೆ, ಮನೆಯ ಮಗ್ಗುಲಿಗೇ ರೇಷ್ಮೆ ಹುಳ ಸಾಕುವ ಹುಳದ ಮನೆ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದೆ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲವು ತಿಂಗಳು ಟ್ರೈನಿಂಗ್ ಮಾಡಬೇಕಿತ್ತು. ಹಿಂದಿನ ವರ್ಷ ಅಲ್ಲಿಗೆ ಹೋಗಿ ಬಂದಿದ್ದ ಹುಡುಗಿಯೊಬ್ಬಳು ನನ್ನನ್ನು ಕಾಲೇಜಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಹೆದರಿಸಿದಳು.

"ಅಲ್ಲಿ ಒಂದು ದೊಡ್ಡ ಹಾಲ್ ಐತೆ ಕಣೇ. ಬೋರ್ಡ್ ಜೋಡಿಸೋದು, ಬೆಸುಗೆ ಹಾಕೋದು ಎಲ್ಲಾ ಅಲ್ಲೇ. ಒಳಕ್ಕೆ ಎಲ್ರನ್ನೂ ಬಿಡಲ್ಲ. ಮೊದಲ್ನೇ ದಿನ ಮೇಡಂ ಒಬ್ರು ಮೇಲಿಂದ ಕೆಳಗೆ ನೋಡ್ತಾರೆ. ಸರಿ ಕಂಡ್ರೆ ಆ ಹಾಲ್‌ಗೆ, ಇಲ್ಲಾಂದ್ರೆ ಸ್ಟೋರಿಗೆ."

"ನಿನ್ನನ್ನ ಎಲ್ಲಿಗೆ ಹಾಕಿದ್ರು?"

"ಸ್ಟೋರಿಗೆ. ಸ್ಕ್ರೂ ಎಣಿಸ್ಕೊಂಡು ಬಂದೆ."

ಯಾಕೆ ಹಾಗಾಯಿತು ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಡ್ರೆಸ್ ಸರಿಯಿಲ್ಲ ಅಂದರಂತೆ, ಅಷ್ಟೇ. ನನಗೆ ಸ್ಕ್ರೂ ಎಣಿಸುವುದು ಬೇಕಿರಲಿಲ್ಲ. ಬೆಸುಗೆ ಕಲಿತರೆ ಎಲ್ಲಿ ಬೇಕಾದರೂ ಅನ್ನ ಹುಟ್ಟುತ್ತದೆ. ಸ್ಕ್ರೂ ಎಣಿಸಲು ಬೆಂಗಳೂರಿಗೆ ಯಾಕೆ ಹೋಗಬೇಕು? ನನ್ನ ಹಣೆಬರಹವೆಲ್ಲ ಒಂದು ಜೊತೆ ಬಟ್ಟೆಯಲ್ಲಿದೆ ಎಂದು ಮನೆಗೆ ಬಂದು ಘೋಷಿಸಿದೆ.

ನಮ್ಮ ಮನೆಯಲ್ಲಿ ಹುಳದ ಯಜಮಾನಿಕೆ ಅಪ್ಪನ ಅಕ್ಕನದು, ಅಂದರೆ ನನ್ನ ಸೋದರತ್ತೆಯದು. ಹುಳದ ವಿಷಯವಿರಲಿ, ಬೇರೆ ವಿಷಯವಿರಲಿ, ಕೊನೆಯ ಮಾತು ಅವಳದೇ.

"ಇದ್ರಲ್ಲಿ ಯೋಚನೆ ಮಾಡೋದೇನು? ನನ್ನ ಮದುವೆ ಸೀರೆ ಉಟ್ಕೊಂಡು ಹೋಗು," ಅಂದಳು. "ರೇಷ್ಮೆ ಬೆಳೆಯೋರ ಮನೆ ಮಗು ರೇಷ್ಮೆ ಉಡದೆ ಇನ್ನೇನು ಗೋಣಿಚೀಲ ಉಡ್ತದಾ?"

"ಅತ್ತೆ, ಅದನ್ನ ಉಟ್ಕೊಂಡು ಬಸ್ಸಲ್ಲಿ ನಿಂತ್ರೆ ಕಂಡಕ್ಟರು ಮದುವೆ ಎಲ್ಲಮ್ಮಾ ಅಂತ ಕೇಳ್ತಾನೆ."

"ಕೇಳಲಿ ಬಿಡು. ಹಂಗಾದ್ರೂ ಒಂದು ಗಂಡು ಸಿಗ್ತದೆ."

ಅಮ್ಮ ನಕ್ಕಳು. ಕೊನೆಗೆ ಚೂಡಿದಾರವೇ ಆಗಲಿ, ಆದರೆ ವೇಲು ಎರಡೂ ಭುಜಕ್ಕೆ ಪಿನ್ ಹಾಕಿರಬೇಕು ಎಂದು ರಾಜಿಯಾಯಿತು.

ಶಿಡ್ಲಘಟ್ಟದಲ್ಲಿ ನಾವು ತಲೆಮಾರಿನಿಂದ ಹೋಗುತ್ತಿದ್ದ ಒಂದು ಬಟ್ಟೆ ಅಂಗಡಿ ಇತ್ತು. ಅಂಗಡಿಯ ಸಾಬರಿಗೆ ನಮ್ಮ ಮನೆಯ ಮೂರು ಮದುವೆಗಳ ಅಳತೆ ಬಾಯಿಪಾಠ. ನನಗೆ ನವಿಲು ಬಣ್ಣದ ಒಂದು ತಾನು ಹಿಡಿಸಿತು. ಕೈಯಲ್ಲಿ ಹಿಂಡಿ ಬಿಟ್ಟರೂ ಒಂದು ಸುಕ್ಕು ನಿಲ್ಲಲಿಲ್ಲ. ಕಾಟನ್ ಆಗಿದ್ದರೆ ಸುಕ್ಕು ನಿಲ್ಲಬೇಕು. ನನಗೆ ಅನುಮಾನ ಬಂತು.

"ಪ್ಯೂರ್ ಕಾಟನ್ ಬೇಟಿ," ಅಂದರು ಸಾಬರು. "ನಿಮ್ಮ ಮನೆ ಹಾಲಿನಷ್ಟು ಪ್ಯೂರು."

"ನಮ್ಮನೆ ಹಾಲಿಗೆ ಅತ್ತೆ ಎಷ್ಟು ನೀರು ಹಾಕ್ತಾಳೆ ಅಂತ ನಿಮಗೂ ಗೊತ್ತು ಸಾಬ್ರೇ. ಒಂದು ಎಳೆ ಕೊಡಿ. ಬೆಂಕಿಪೊಟ್ಟಣ ಕೊಡಿ."

"ಅಂಗಡಿಗೆ ಬೆಂಕಿ ಇಡ್ತೀಯಾ?"

"ನಿಮ್ಮ ಮಾತಿಗೆ ಇಡ್ತೀನಿ, ಅಂಗಡಿಗಲ್ಲ."

ರೇಷ್ಮೆ ಸೀಮೆಯ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಎಳೆಗೆ ಬೆಂಕಿ ತಾಗಿಸಿದರೆ ಬಟ್ಟೆಯ ಜಾತಕ ಹೊರಬರುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಕರಿ ಬೂದಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಬೂದಿ ಹಗುರ, ಊದಿದರೆ ಹಾರಿಹೋಗುತ್ತದೆ. ಪಾಲಿಯೆಸ್ಟರ್ ಮಾತ್ರ ಕರಗಿ ಮುದುಡುತ್ತದೆ. ಆರಿದ ಮೇಲೆ ತುದಿಯಲ್ಲಿ ಸಾಸಿವೆಯಂಥ ಗಟ್ಟಿ ಗುಂಡು. ಅಂಗಡಿಯ ಮೆಟ್ಟಿಲಿನ ಮೇಲೆ ಕುಳಿತು ಎಳೆ ಸುಟ್ಟೆ. ಗುಂಡು ಬಂತು. ಅದನ್ನು ಅಂಗೈಯಲ್ಲಿಟ್ಟು ಸಾಬರ ಮುಂದೆ ಹಿಡಿದೆ.

"ನಿಮ್ಮ ಹಾಲು ಗಡ್ಡೆ ಕಟ್ಟಿದೆ ಸಾಬ್ರೇ."

ಸಾಬರು ಕನ್ನಡಕ ತೆಗೆದು ಒರೆಸಿಕೊಂಡು, "ಸ್ವಲ್ಪ ಮಿಕ್ಸ್ ಇರಬೋದು," ಅಂದರು. ಅಲ್ಲಿಂದ ಮುಂದೆ ಬೆಲೆ ಇಳಿಯಿತು, ವೇಲಿನ ಬಟ್ಟೆ ಅದರ ಜೊತೆಗೇ ಸೇರಿತು, ಒಳಗೆ ಹಾಕುವ ಲೈನಿಂಗೂ ಬಂತು. ಮಿಕ್ಸ್ ಎಂದು ಗೊತ್ತಿದ್ದೂ ಸಂತೋಷವಾಗಿ ತಂದೆ. ಇಸ್ತ್ರಿ ಬೇಡ, ರಾತ್ರಿ ಒಗೆದರೆ ಬೆಳಿಗ್ಗೆ ಒಣಗುತ್ತದೆ, ಬಸ್ಸಿನಲ್ಲಿ ಎಷ್ಟು ನಜ್ಜುಗುಜ್ಜಾದರೂ ಇಳಿದಾಗ ಹೊಸದರ ಹಾಗೆ ಇರುತ್ತದೆ. ಇನ್ನೇನು ಬೇಕು? ಅಮ್ಮನ ಮಿಷಿನ್ನಿನಲ್ಲಿ ನಾನೇ ಹೊಲಿದುಕೊಂಡೆ.

ಸಂಕ್ರಾಂತಿ ಕಳೆದು ಗಾಳಿ ಒಣಗಿದ್ದ ಒಂದು ಶನಿವಾರ, ಮುಖ ತೋರಿಸಿ ಹೋಗಲು ಕಾರ್ಖಾನೆಯವರು ಕರೆದಿದ್ದರು. ಕೆಲಸ ಸೋಮವಾರದಿಂದ. ಆ ದೊಡ್ಡ ಹಾಲ್‌ನ ಬಾಗಿಲಲ್ಲಿ ನೆಲಕ್ಕೆ ಹಳದಿ ಗೆರೆ ಎಳೆದಿದ್ದರು. ಗೆರೆಯ ಆಚೆ ಬಿಳಿ ಕೋಟು ತೊಟ್ಟ ಮೇಡಂ ನಿಂತಿದ್ದರು. ಅವರು ನನ್ನ ಮುಖ ನೋಡಲಿಲ್ಲ, ತೋಳು ನೋಡಿದರು.

"ಇದು ಯಾವ ಬಟ್ಟೆ?"

"ಮಿಕ್ಸ್ ಮೇಡಂ. ಸುಟ್ಟು ನೋಡಿ ತಗೊಂಡಿದ್ದೀನಿ," ಅಂದೆ ಜಂಬದಿಂದ.

ಅವರು ನನ್ನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಎದ್ದು ನಿಲ್ಲಲು ಹೇಳಿದರು. ಒಂದು ಕಾಗದವನ್ನು ಅವರೆಕಾಳಿಗಿಂತ ಸಣ್ಣಗೆ ಹರಿದು ಮೇಜಿನ ಮೇಲೆ ಉದುರಿಸಿ, ನನ್ನ ವೇಲಿನ ಅಂಚನ್ನು ಕುರ್ಚಿಗೆ ನಾಲ್ಕು ಸಲ ಉಜ್ಜಿ ಅದರ ಹತ್ತಿರ ತಂದರು. ಚೂರುಗಳು ಎದ್ದು ಬಂದು ವೇಲಿಗೆ ಅಂಟಿಕೊಂಡವು.

"ಒಣ ಹವೆಯಲ್ಲಿ ಇಂಥ ಬಟ್ಟೆ ಉಜ್ಜಿದಷ್ಟೂ ಕರೆಂಟ್ ಕೂಡಿಸ್ಕೊಳ್ಳುತ್ತೆ," ಅಂದರು. "ನಿನಗೆ ಚುರ್ ಅನ್ನೋದೂ ಇಲ್ಲ. ಆದರೆ ನೀನು ಕೈಯಲ್ಲಿ ಹಿಡ್ಕೊಳ್ಳೋ ಬೋರ್ಡಿನ ಐಸಿ ಚಿಪ್ಪಿಗೆ ಅಷ್ಟೇ ಸಾಕು, ಒಳಗೊಳಗೇ ಸತ್ತುಹೋಗುತ್ತೆ. ಹೊರಗೆ ಗೊತ್ತೇ ಆಗಲ್ಲ."

"ಮೇಲೆ ಕೋಟು ಹಾಕ್ಕೊಂಡ್ರೆ, ಮೇಡಂ?"

"ಕೋಟಿನ ಕೆಳಗೆ ಪೈಜಾಮ ಕಾಣುತ್ತೆ, ತೋಳು ಕಾಣುತ್ತೆ. ಇಲ್ಲಿ ನೈಲಾನ್ ಇಲ್ಲ, ಪಾಲಿಯೆಸ್ಟರ್ ಇಲ್ಲ, ರೇಷ್ಮೆನೂ ಇಲ್ಲ. ಹತ್ತಿ ಮಾತ್ರ. ಸೋಮವಾರ ಹತ್ತಿ ಹಾಕ್ಕೊಂಡು ಬಂದ್ರೆ ಒಳಗೆ. ಇಲ್ಲದಿದ್ರೆ ಸ್ಟೋರಲ್ಲಿ ಜಾಗ ಇದೆ."

ರೇಷ್ಮೆಯೂ ಬೇಡ ಎನ್ನುವ ಜಾಗ ಭೂಮಿಯ ಮೇಲಿದೆ ಎಂಬುದು ನನಗೆ ಅಂದು ತಿಳಿಯಿತು. ಸೀಟು ಸಿಗದ ಬಸ್ಸಿನಲ್ಲಿ ನೇತಾಡುತ್ತ ಬರುವಾಗ ದಾರಿಯುದ್ದಕ್ಕೂ ಬಟ್ಟೆಯ ಮೇಲೆ ಸಿಟ್ಟು. ನಾನೇ ಅದಕ್ಕೆ ಬೆಂಕಿ ಇಟ್ಟು ಜಾತಕ ನೋಡಿ, ಪಾಲಿಯೆಸ್ಟರ್ ಎಂದು ಸಾಕ್ಷಿ ಹಿಡಿದು, ಅದೇ ಕಾರಣಕ್ಕೆ ಕೊಂಡಿದ್ದೆ. ಸಾಬರ ಮಾತು ನಂಬಿ ಮೋಸ ಹೋಗಿದ್ದರೆ ಬೈಯಲು ಸಾಬರಾದರೂ ಇರುತ್ತಿದ್ದರು.

ಮನೆಗೆ ಬಂದು ಹೇಳಿದಾಗ ಅತ್ತೆಗೆ ಅರ್ಥವಾದದ್ದು ಒಂದೇ. "ರೇಷ್ಮೆ ಬೇಡ ಅಂದ್ಲಾ? ಅವಳ ಮನೇಲಿ ಹಬ್ಬ ಮಾಡಲ್ವಂತಾ?"

ಕೈಯಲ್ಲಿದ್ದ ದುಡ್ಡು ನವಿಲು ಬಣ್ಣಕ್ಕೆ ಹೋಗಿತ್ತು. ಕತ್ತರಿಸಿದ ಬಟ್ಟೆಯನ್ನು ಯಾವ ಅಂಗಡಿಯೂ ವಾಪಸು ಕೊಳ್ಳುವುದಿಲ್ಲ. ಹೊಸ ಹತ್ತಿ ತಂದರೂ ಅದನ್ನು ನೆನೆಸಿ ಒಣಗಿಸದೆ ಹೊಲಿದರೆ ಮೊದಲ ಒಗೆತಕ್ಕೇ ಗಿಡ್ಡವಾಗುತ್ತದೆ. ಉಳಿದದ್ದು ಭಾನುವಾರ ಒಂದೇ. ಆದ್ದರಿಂದ ಮನೆಯಲ್ಲಿರುವ ಹತ್ತಿಯನ್ನೇ ಹುಡುಕಲು ನಿರ್ಧರಿಸಿದೆ. ಬೆಳಿಗ್ಗೆ ಎಲ್ಲರ ಬಟ್ಟೆಯನ್ನೂ ಹಿತ್ತಲಿಗೆ ಹೊತ್ತು ತಂದೆ. ಹುಳದ ಮನೆಯ ಹತ್ತಿರ ಹೊಗೆ ಆಡಿಸುವಂತಿಲ್ಲ, ಹುಳ ಮುನಿಯುತ್ತವೆ. ಬೇಲಿಯ ಪಕ್ಕ ಕುಳಿತು ಒಂದೊಂದರ ಅಂಚಿನಿಂದ ಎಳೆ ಕಿತ್ತು ಸುಟ್ಟೆ.

ಅತ್ತೆಯ ಮದುವೆ ಸೀರೆಗೆ ಕೂದಲ ವಾಸನೆ. ಅತ್ತೆ ಗೆದ್ದಳು. ಅಪ್ಪ ಗೌರಿಬಿದನೂರಿನ ಸಂತೆಯಿಂದ ಕಾಟನ್ ಎಂದು ತಂದುಕೊಟ್ಟಿದ್ದ ಅಮ್ಮನ ಸೀರೆಯಲ್ಲಿ ಗುಂಡು ಬಂತು.

"ಇಷ್ಟು ವರ್ಷ ಸೆಖೆ ಬಿಸಿಲಿಂದು ಅಂದ್ಕೊಂಡಿದ್ದೆ ನಾನು," ಅಂದ ಅಮ್ಮ ಆ ಗುಂಡನ್ನು ಎತ್ತಿಕೊಂಡು ಅಪ್ಪನನ್ನು ಹುಡುಕುತ್ತ ಹೊರಟಳು.

ಬೂದಿ ಹಾರಿಹೋದದ್ದು ಎರಡಕ್ಕೆ. ಅಪ್ಪನ ಪಂಚೆ, ಬಿಸಿಲಿಗೆ ಹಿಡಿದರೆ ಆಚೆಯ ಎಮ್ಮೆ ಕಾಣುತ್ತಿತ್ತು. ಇನ್ನೊಂದು, ಅತ್ತೆ ಹುಳಕ್ಕೆ ಸೊಪ್ಪು ಹಾಕುವಾಗ ಉಡುವ ಸೀರೆ. ಕಡುನೀಲಿ ಚೌಕಳಿ, ಕೆಂಪಂಚು. ಒಗೆದೊಗೆದು ಬೆಣ್ಣೆಯ ಹಾಗೆ ಆಗಿತ್ತು, ಕುಗ್ಗುವುದೆಲ್ಲ ಯಾವತ್ತೋ ಕುಗ್ಗಿ ಮುಗಿದಿತ್ತು. ಅಲ್ಲಲ್ಲಿ ಸೊಪ್ಪಿನ ಹಾಲು ತಾಗಿದ ಕಲೆ. ನೆಂಟರು ಬಂದರೆ ಅಮ್ಮ ಮೊದಲು ಬಚ್ಚಿಡುತ್ತಿದ್ದುದು ಅದನ್ನೇ.

"ಅದನ್ನ ಮುಟ್ಬೇಡ," ಅಂದಳು ಅತ್ತೆ. "ಅದನ್ನ ಉಟ್ಟಾಗಿಂದ ಒಂದು ಬೆಳೆನೂ ಕೈಕೊಟ್ಟಿಲ್ಲ. ಹುಳಕ್ಕೆ ಆ ಸೀರೆ ಗುರುತು."

"ಹುಳಕ್ಕೆ ಕಣ್ಣು ಎಲ್ಲಿ ಕಾಣ್ತದೆ ಅತ್ತೆ?"

"ನಿಮ್ಮ ಚಿಪ್ಪಿಗೆ ಕಾಣ್ತದಾ? ಅದು ಬಟ್ಟೆ ನೋಡಿ ಸಾಯಲ್ವಾ?"

ಹುಳವೂ ಚಿಪ್ಪೂ ಒಂದೇ ಜಾತಿ, ಎರಡಕ್ಕೂ ಮಡಿ ಬೇಕು. ವಾದದಲ್ಲಿ ಸೋತಾಗ ವ್ಯಾಪಾರಕ್ಕೆ ಇಳಿಯಬೇಕು.

"ಅರ್ಧ ಕೊಡು. ಸೆರಗಿನ ಕಡೆ ನಿನಗೇ ಇರ್ಲಿ, ಸೊಂಟಕ್ಕೆ ಸುತ್ಕೊಂಡು ಸೊಪ್ಪು ಹಾಕು. ಹುಳ ಗುರುತು ಹಿಡೀತವೆ."

"ನನಗೇನು ಕೊಡ್ತೀಯ?"

"ನನ್ನ ನವಿಲು ಬಣ್ಣದ ವೇಲು. ತಲೆಗೆ ಕಟ್ಕೊ. ಒಗೆದ್ರೆ ಗಳಿಗೇಲಿ ಒಣಗ್ತದೆ."

ಅತ್ತೆ ವೇಲನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು. "ಎರಡು ಸಲ ಒಗೆದು ಕೊಡು, ಹೊಸ ಬಣ್ಣದ ವಾಸನೆ ಹುಳಕ್ಕೆ ಆಗಲ್ಲ. ಮತ್ತೆ, ಸೀರೆ ಮುಕ್ಕಾಲು ನನಗೆ."

"ಅರ್ಧ."

"ಅರ್ಧದ ಮೇಲೆ ಒಂದು ಗೇಣು."

ಗೇಣು ಅವಳಿಗೆ ಬಿಟ್ಟೆ. ವೇಲನ್ನು ಆಗಲೇ ಒಂದು ಸಲ ಒಗೆದು ಬೇಲಿಗೆ ಹಾಕಿದೆ.

ಅರ್ಧ ಸೀರೆಯಲ್ಲಿ ಚೂಡಿದಾರ ಹೇಗೆ ಬರುತ್ತದೆ ಎನ್ನುವವರಿಗೆ ಹೇಳುತ್ತೇನೆ, ಸೀರೆಯ ಅಗಲ ದೊಡ್ಡದು. ನವಿಲು ಬಣ್ಣದ ಟಾಪನ್ನು ಮೇಲೆ ಹರಡಿ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅಷ್ಟಾದರೂ ಅದು ಉಪಯೋಗಕ್ಕೆ ಬಂತು. ಹಳೆ ಬಟ್ಟೆ ಕತ್ತರಿಸುವ ಮುಂಚೆ ಬಿಸಿಲಿಗೆ ಹಿಡಿಯಬೇಕು. ಕೂತೂ ಕೂತೂ ಸವೆದ ಜಾಗದಲ್ಲಿ ಬೆಳಕು ತೂರುತ್ತದೆ. ಅದನ್ನು ಎದೆಗೆ, ಕಂಕುಳಿಗೆ ತರಬಾರದು. ತೆಳುವಾದದ್ದನ್ನು ಪೈಜಾಮದ ನೆರಿಗೆಯೊಳಗೆ ಸೇರಿಸಿದೆ. ಕೈ ಎತ್ತಿದಾಗ ಮೊದಲು ಹರಿಯುವುದು ಕಂಕುಳು, ಅಲ್ಲಿಗೆ ಚೌಕ ತುಂಡೊಂದನ್ನು ಓರೆಯಾಗಿ ಇಟ್ಟು ಹೊಲಿದೆ. ಕೆಂಪಂಚನ್ನು ಬಿಚ್ಚದೆ ಟಾಪಿನ ಕೆಳಗೂ ತೋಳಿಗೂ ಬರುವ ಹಾಗೆ ಕತ್ತರಿಸಿದೆ. ಅಂಚು ಮಡಚಿ ಹೊಲಿಯುವ ಕೆಲಸ ತಪ್ಪಿತು. ಕಲೆಗಳನ್ನು ಒಳಮಡಿಕೆಗೆ ತಳ್ಳಿದೆ. ಒಂದು ಕಲೆ ಮಾತ್ರ ಎಲ್ಲಿ ತಿರುಗಿಸಿದರೂ ಎಡ ತೋಳಿಗೇ ಬಂತು. ಪೈಜಾಮದ ಕೆಳಗೆ ಬಟ್ಟೆ ಸಾಲದೆ ಹೋಯಿತು, ಅಪ್ಪನ ಪಂಚೆಯ ಗಟ್ಟಿ ಅಂಚು ಜೋಡಿಸಿದೆ. ವೇಲಿಗೂ ಪಂಚೆಯೇ ಗತಿ. ಬೈಗಾಗುವಷ್ಟರಲ್ಲಿ ಅಮ್ಮನ ಹೊಲಿಗೆ ಮಿಷಿನ್ನಿನಿಂದ ಎದ್ದೆ.

ಸೋಮವಾರ ಹಳದಿ ಗೆರೆಯ ಈಚೆ ನಿಂತೆ. ಮೇಡಂ ತೋಳನ್ನು ಬೆರಳಲ್ಲಿ ಹಿಡಿದರು. ಕುರ್ಚಿಗೆ ಉಜ್ಜಿದರು. ಕಾಗದದ ಚೂರಿನ ಹತ್ತಿರ ತಂದರು. ಒಂದು ಚೂರೂ ಅಲುಗಲಿಲ್ಲ. ಇನ್ನೊಮ್ಮೆ ಉಜ್ಜಿದರು. ಇಲ್ಲ.

"ಎಲ್ಲಿ ಸಿಕ್ತು ಇದು? ಎಷ್ಟು ಮೆತ್ತಗಿದೆ."

"ಮನೇಲೇ ಸಿಕ್ತು ಮೇಡಂ. ಅಂಗಡಿಯೋರಿಗಿಂತ ನಮ್ಮತ್ತೆ ಹತ್ರ ಚೌಕಾಸಿ ಕಷ್ಟ."

"ಈ ಕಲೆ?"

"ಹಿಪ್ಪುನೇರಳೆ ಸೊಪ್ಪಿಂದು. ಹೋಗಲ್ಲ."

"ಕಲೆಗೆ ಕರೆಂಟ್ ಇರಲ್ಲ. ವೇಲು ಕೋಟಿನೊಳಗೆ ಹಾಕ್ಕೊ. ಬಾ ಒಳಗೆ," ಅಂದರು.

ಅಂದು ಬೆಸುಗೆ ಕಡ್ಡಿ ಹಿಡಿದ ಕೈಯಿಂದಲೇ ಮುಂದೆ ಚಿಂತಾಮಣಿಯಲ್ಲಿ ಸ್ಟೆಬಿಲೈಜರ್ ಜೋಡಿಸುವ ಸಣ್ಣ ಶೆಡ್ ಹಾಕಿದೆ. ಕೆಲಸ ಕೇಳಿ ಬರುವ ಹುಡುಗಿಯರಿಗೆ ಮೊದಲೇ ಹೇಳಿಬಿಡುತ್ತೇನೆ, ಹತ್ತಿ ಉಟ್ಟು ಬನ್ನಿ, ಯಾಕೆ ಎಂದು ಕಾಗದದ ಚೂರು ತೋರಿಸುತ್ತೇನೆ ಎಂದು. ಸುಮ್ಮನೆ ಮೇಲಿಂದ ಕೆಳಗೆ ನೋಡಿ ಕಳಿಸುವುದಿಲ್ಲ.

ಆ ಸಲದ ಹುಳದ ಬೆಳೆಯೂ ಚೆನ್ನಾಗಿಯೇ ಬಂತು. ಅರ್ಧ ಸೀರೆಗೂ ಹುಳ ಮುನಿಯಲಿಲ್ಲವಲ್ಲ ಎಂದು ನಾನು ಅತ್ತೆಯನ್ನು ಛೇಡಿಸಿದೆ. ಅರ್ಧ ಸೀರೆಯನ್ನು ಸೊಂಟಕ್ಕೆ ಸುತ್ತಿ, ನವಿಲು ಬಣ್ಣವನ್ನು ತಲೆಗೆ ಕಟ್ಟಿ ಸೊಪ್ಪಿನ ಬುಟ್ಟಿ ಎತ್ತುತ್ತಿದ್ದ ಅತ್ತೆ ತಿರುಗಿ ನೋಡಿದಳು.

"ಅರ್ಧ ಸೀರೆಗೇ ಇಷ್ಟು ಬಂದದೆ. ನೀನು ಕತ್ತರಿಸದೆ ಇದ್ದಿದ್ರೆ ಎಷ್ಟು ಬರ್ತಿತ್ತೋ, ಆ ಲೆಕ್ಕ ಹೇಳು."