ಅಯಸ್ಕಾಂತದ ಒಳಗಿನ ಗೆರೆ

ಶಿರಾದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿ ಅದು ನನ್ನ ಎರಡನೆಯ ವರ್ಷ. ನೌಕರಿ ಖಾಯಂ ಆಗುವುದು ಇನ್‌ಸ್ಪೆಕ್ಟರರ ವರದಿಯ ಮೇಲಿತ್ತು. ಮಧುಗಿರಿಯಲ್ಲಿದ್ದ ನನ್ನ ತಾಯಿ ನನ್ನ ಸಂಬಳವನ್ನೇ ನಂಬಿದ್ದರು. ಇನ್‌ಸ್ಪೆಕ್ಟರು ತರಗತಿಗೆ ಬಂದಾಗ ಹಲಗೆಯ ಮೇಲೆ ದಂಡದಂಥ ಅಯಸ್ಕಾಂತವೊಂದನ್ನು ಬರೆದು, ಅದರ ಉತ್ತರ ತುದಿಯಿಂದ ಹೊರಟ ಬಲರೇಖೆಗಳನ್ನು ದಕ್ಷಿಣ ತುದಿಗೆ ತಂದು, ಅಲ್ಲಿಗೆ ನಿಲ್ಲಿಸದೆ ಒಳಗಿಂದಲೇ ಮತ್ತೆ ಉತ್ತರಕ್ಕೆ ಎಳೆದಿದ್ದೆ.

ಅವರು ಡಸ್ಟರ್ ತೆಗೆದುಕೊಂಡು ಒಳಗಿನ ಗೆರೆಗಳನ್ನು ಒರೆಸಿಬಿಟ್ಟರು. “ಗೆರೆ ಉತ್ತರದಲ್ಲಿ ಹುಟ್ಟಿ ದಕ್ಷಿಣದಲ್ಲಿ ಮುಗಿಯುತ್ತೆ. ಇಲ್ಲದ್ದನ್ನ ಹೇಳಿಕೊಡಬೇಡಿ.”

ಹಿಂದೆ ನಿಂತಿದ್ದ ಹೆಡ್‌ಮಾಸ್ತರು ಮದಲೂರಿನವರು. “ಹೂಂ ಅಂದ್ಬುಡಮ್ಮ, ನಿಂಗ್ಯಾಕೆ?” ಎಂದು ಪಿಸುಗುಟ್ಟಿದರು.

ನನಗೋ ಮೂಗಿನ ತುದಿಯಲ್ಲೇ ಕೋಪ. “ಸಾರ್, ಉತ್ತರ ತುದಿಯನ್ನ ಮಾತ್ರ ಎಲ್ಲಾ ಕಡೆಯಿಂದ ಮುಚ್ಚೋ ಹಾಗೆ ಒಂದು ಪೆಟ್ಟಿಗೆ ಇದೆ ಅಂದ್ಕೊಳ್ಳಿ. ನೀವು ಹೇಳಿದ ಹಾಗಾದ್ರೆ ಅದರಿಂದ ಗೆರೆ ಬರೀ ಹೊರಗೇ ಹೋಗಬೇಕು, ಒಂದೂ ಒಳಗೆ ಬರಬಾರದು. ಅಂದ್ರೆ ಒಂಟಿ ಉತ್ತರ ಧ್ರುವ ಅದರೊಳಗೆ ಸಿಕ್ಕಬೇಕು. ಮುರಿದು ನೋಡೋಣ್ವಾ?”

ಶಾಲೆಗಿದ್ದದ್ದು ಒಂದೇ ಅಯಸ್ಕಾಂತ, ಅದನ್ನು ಮುರಿದರೆ ಗತಿ? ಮುಂದಿನ ಬೆಂಚಿನಲ್ಲಿ ಸೈಕಲ್ ಅಂಗಡಿಯವರ ಮಗಳಿದ್ದಳು. ಅವಳು ತಂದಿದ್ದ ಹಳೆಯ ಗರಗಸದ ಬ್ಲೇಡಿನ ಮೇಲೆ ಆ ಅಯಸ್ಕಾಂತವನ್ನು ಒಂದೇ ದಿಕ್ಕಿಗೆ ಉಜ್ಜಿ ಉಜ್ಜಿ, ಬ್ಲೇಡನ್ನೂ ಅಯಸ್ಕಾಂತ ಮಾಡಿಟ್ಟಿದ್ದೆವು. “ಟೀಚರ್, ಮುರೀರಿ! ನಮ್ಮ ಅಬ್ಬಾನ ಅಂಗಡೀಲಿ ಇನ್ನೂ ಅವೆ!” ಎಂದಳು.

ಬ್ಲೇಡನ್ನು ಕಬ್ಬಿಣದ ಪುಡಿಯಲ್ಲಿ ಹೊರಳಿಸಿದೆ. ಪುಡಿ ಎರಡು ತುದಿಗೂ ಗಡ್ಡದಂತೆ ಅಂಟಿತು, ನಡುವೆ ಒಂದಿಷ್ಟೂ ಇಲ್ಲ. ಲಟಕ್ಕೆಂದು ನಡುವೆ ಮುರಿದೆ. ಮುರಿದ ತುದಿಗಳಿಗೂ ಪುಡಿ ಅಂಟಿತು. ಪುಟ್ಟ ದಿಕ್ಸೂಚಿ ಹಿಡಿದು ನೋಡಿದರೆ ಒಂದು ದಕ್ಷಿಣ, ಇನ್ನೊಂದು ಉತ್ತರ. ಒಂಟಿ ಧ್ರುವ ಎಲ್ಲಿ ಬಂತು? ತುಂಡುಗಳನ್ನು ಮೊದಲಿದ್ದ ಸಾಲಿನಲ್ಲೇ ತುಸು ಸಂದು ಬಿಟ್ಟು ಇಟ್ಟು, ದಿಕ್ಸೂಚಿಯನ್ನು ಇನ್‌ಸ್ಪೆಕ್ಟರರ ಕೈಗೇ ಕೊಟ್ಟೆ. ಸಂದಿನಲ್ಲಿ ಮುಳ್ಳು ಅತ್ತಿತ್ತ ಆಡಿ ನಿಂತಿತು. ಅದರ ಉತ್ತರದ ಮೊನೆ ತೋರಿಸಿದ್ದು ಬ್ಲೇಡಿನ ಮೊದಲಿನ ಉತ್ತರ ತುದಿಯ ಕಡೆಗೆ.

“ಹೊರಗೆ ಉತ್ತರದಿಂದ ದಕ್ಷಿಣಕ್ಕೆ, ಒಳಗೆ ದಕ್ಷಿಣದಿಂದ ಉತ್ತರಕ್ಕೆ ಸಾರ್. ಪೆಟ್ಟಿಗೆ ಎಲ್ಲೇ ಇಡಿ, ಹೊರಗೆ ಹೋದಷ್ಟೇ ಒಳಗೆ ಬರುತ್ತೆ, ಕೂಡಿ ಕಳೆದರೆ ಸೊನ್ನೆ. ಹುಟ್ಟೋಕೂ ಜಾಗ ಇಲ್ಲ, ಮುಗಿಯೋಕೂ ಇಲ್ಲ. ಸುತ್ತಿ ಬರಲೇಬೇಕು.”

ಅವರು ತುಂಡುಗಳ ಸಾಲನ್ನೇ ಹಿಂದುಮುಂದಾಗಿ ತಿರುಗಿಸಿ ಇಟ್ಟರು, ಮತ್ತೆ ಮೊದಲಿನಂತೆ ಇಟ್ಟರು. ಮುಳ್ಳು ಮಾತು ಬದಲಿಸಲಿಲ್ಲ, ಪ್ರತಿ ಸಲವೂ ಅದೇ ಉತ್ತರ ತುದಿಯ ಕಡೆಗೇ ತಿರುಗಿತು. ನನ್ನ ಕೋಪ ಇಳಿದಿತ್ತು, ಅಮ್ಮನ ಮುಖ ಕಣ್ಣ ಮುಂದಿತ್ತು.

ಇನ್‌ಸ್ಪೆಕ್ಟರು ಚಾಕ್‌ಪೀಸು ತೆಗೆದುಕೊಂಡು, ತಾವೇ ಒರೆಸಿದ್ದ ಗೆರೆಗಳನ್ನು ತಾವೇ ಎಳೆದರು. “ನಿಮ್ಮದು ಖಾಯಂ ಆಯ್ತು ಅಂದ್ಕೊಳ್ಳಿ ತಾಯಿ,” ಎಂದರು. ಆಮೇಲೆ ದನಿ ಇಳಿಸಿ, “ಹೋದ ವಾರ ಕೊರಟಗೆರೆ ಕಡೆ ಒಬ್ಬ ಹುಡುಗ ಮೇಷ್ಟ್ರೂ ಹೀಗೇ ಎಳೆದಿದ್ದ. ಪಾಪ, ಒರೆಸು ಅಂದ ತಕ್ಷಣ ಒರೆಸಿದ. ತಪ್ಪು ಪಾಠ ಹೇಳ್ತಾನೆ, ಅವನು ಬೇಡ ಅಂತ ವರದಿ ಬರೆದಿಟ್ಟಿದ್ದೀನಿ. ಇನ್ನೂ ಕಳಿಸಿಲ್ಲ,” ಎಂದರು.

ಬ್ಲೇಡಿನ ತುಂಡುಗಳನ್ನು ನನ್ನನ್ನು ಕೇಳಿ ಕರವಸ್ತ್ರದಲ್ಲಿ ಸುತ್ತಿಕೊಂಡರು. ಊಟ ಸಿದ್ಧವಾಗಿದೆ ಎಂದ ಹೆಡ್‌ಮಾಸ್ತರನ್ನು ಕೇಳಿದ್ದು ಒಂದೇ ಮಾತು: “ಕೊರಟಗೆರೆ ಬಸ್ಸು ಎಷ್ಟೊತ್ತಿಗೆ?”