ಬೇವೂರ ದಾರಿಯ ಸೇತುವೆಗೆ ಬಂದ ಎರಡು ಟೆಂಡರು

ಗಂಗಾವತಿ ಕಡೆ ಕಾಲುವೆ ಬರುತ್ತದೆ ಎಂಬ ಮಾತು ಜೋರಾಗಿದ್ದ ಕಾಲದಲ್ಲಿ ಕೊಪ್ಪಳದಲ್ಲಿ ಮೇಸ್ತ್ರಿಗಳಿಗೆಂದು ಮೂರು ತಿಂಗಳ ತರಗತಿ ತೆರೆದರು. ಕಲ್ಲು, ಗಾರೆ ನಮಗೆ ಗೊತ್ತಿತ್ತು. ಕಾಮಗಾರಿ ನಡೆಸುವ ಕಾಗದ ಗೊತ್ತಿರಲಿಲ್ಲ. ಹನ್ನೊಂದು ಮಂದಿ ಇದ್ದೆವು. ಪರೀಕ್ಷೆಯಲ್ಲಿ ಮೊದಲು ಬಂದವನಿಗೆ ಓವರ್‌ಸಿಯರ್ ನೌಕರಿ, ಉಳಿದ ಹತ್ತು ಮಂದಿ ಮತ್ತೆ ಬಿಸಿಲಿಗೆ. ನನಗೆ ಆ ನೌಕರಿ ಬೇಕಾಗಿತ್ತು. ಆದರ್ಶವೇನೂ ಇರಲಿಲ್ಲ, ಬಿಸಿಲು ಸಾಕಾಗಿತ್ತು.

ಪಾಠ ಹೇಳುತ್ತಿದ್ದವರು ಧಾರವಾಡ ಕಡೆಯ ಒಬ್ಬ ಇಂಜಿನಿಯರ್ ಸಾಹೇಬರು. ನಗುವುದನ್ನು ಸರಕಾರ ಮಂಜೂರು ಮಾಡಿರಲಿಲ್ಲ ಎಂಬಂಥ ಮುಖ. ಅವರು ಕಲಿಸಿದ ಮೊದಲ ಸಂಗತಿ ಕೆಲಸದ ಪಟ್ಟಿ. ಮಣ್ಣು ಅಗೆತ ಎಷ್ಟು, ಬಂಡೆ ಒಡೆತ ಎಷ್ಟು, ಕಟ್ಟಡ ಎಷ್ಟು ಎಂದು ಅಳತೆಗಳನ್ನು ಇಂಜಿನಿಯರು ಬರೆಯುತ್ತಾನೆ. ಗುತ್ತಿಗೆದಾರ ಪ್ರತಿಯೊಂದರ ಮುಂದೆ ತನ್ನ ದರ ಮಾತ್ರ ಬರೆಯುತ್ತಾನೆ. ಗುಣಿಸಿ ಕೂಡಿಸಿದಾಗ ಯಾರ ಮೊತ್ತ ಕಡಿಮೆಯೋ ಅವನು ಮೊದಲಿಗ. ಆದರೆ ಕೊನೆಗೆ ಹಣ ಕೊಡುವುದು ನಿಜವಾಗಿ ಅಗೆದ ಅಳತೆಗೆ. ಈ ಕೊನೆಯ ಮಾತನ್ನು ಸಾಹೇಬರು ಬೇಗ ಹೇಳಿ ಮುಗಿಸಿದರು.

ಪರೀಕ್ಷೆಗೆ ಹಿಂದಿನ ವರ್ಷದ ನಿಜವಾದ ಟೆಂಡರುಗಳನ್ನೇ ಕೊಟ್ಟು, ಮೊದಲಿಗ ಯಾರೆಂದು ಬರೆಯಲು ಹೇಳಿದರು. ಬೇವೂರ ದಾರಿಯಲ್ಲಿ ಒಂದು ಸಣ್ಣ ಸೇತುವೆ. ಪಟ್ಟಿಯಲ್ಲಿ ಮಣ್ಣು ನಾಲ್ಕು ಸಾವಿರ ಘನ ಅಡಿ, ಬಂಡೆ ನಾಲ್ಕು ನೂರು. ಮೊದಲನೆಯ ಗುತ್ತಿಗೆದಾರ ನೂರು ಘನ ಅಡಿಗೆ ಮಣ್ಣಿಗೆ ಒಂದು ರೂಪಾಯಿ, ಬಂಡೆಗೆ ಹದಿನೆಂಟು ಬರೆದಿದ್ದ. ಎರಡನೆಯವನದು ಮಣ್ಣಿಗೆ ಎರಡು, ಬಂಡೆಗೆ ಹತ್ತು. ಉಳಿದ ದರಗಳೆಲ್ಲ ಇಬ್ಬರದೂ ಒಂದೇ. ಅಗೆತದ ಮೊತ್ತ ಮೊದಲನೆಯವನದು ನೂರಾ ಹನ್ನೆರಡು, ಎರಡನೆಯವನದು ನೂರಾ ಇಪ್ಪತ್ತು. ಲೆಕ್ಕ ಅಲ್ಲಿಗೆ ಮುಗಿಯಬೇಕಾಗಿತ್ತು.

ನನ್ನ ದುರದೃಷ್ಟಕ್ಕೆ ನಾನು ಬೇವೂರಿನವನು. ಅಪ್ಪ ಬಾವಿ ತೋಡುವವನು. ಆ ಹಳ್ಳದ ದಂಡೆಯಲ್ಲಿ ಎರಡು ಮೊಳ ಅಗೆದರೆ ಗುದ್ದಲಿ ಖಣ್ ಎನ್ನುತ್ತದೆ ಎಂದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿತ್ತು. ಅಗೆತ ಒಟ್ಟು ಅಷ್ಟೇ ಇಟ್ಟು, ಮಣ್ಣು ಎರಡು ಸಾವಿರ, ಬಂಡೆ ಎರಡು ಸಾವಿರದ ನಾಲ್ಕು ನೂರು ಎಂದು ಹಿಡಿದು ಮತ್ತೆ ಗುಣಿಸಿದೆ. ಮೊದಲನೆಯವನಿಗೆ ನಾನೂರಾ ಐವತ್ತೆರಡು, ಎರಡನೆಯವನಿಗೆ ಇನ್ನೂರಾ ಎಂಬತ್ತು. ಎರಡನೆಯವನನ್ನೇ ಮೊದಲಿಗ ಮಾಡಿದೆ. ಅಷ್ಟಕ್ಕೆ ಸುಮ್ಮನಿರದೆ ಷರಾ ಎಂಬ ಟಿಪ್ಪಣಿಯ ಅಂಕಣದಲ್ಲಿ, ‘ಈ ಪಟ್ಟಿ ಬರೆದವರು ಸ್ಥಳಕ್ಕೆ ಹೋದಂತೆ ಕಾಣುವುದಿಲ್ಲ’ ಎಂದೂ ಸೇರಿಸಿದೆ. ಬರೆದಾಗ ಭಾಳ ಖುಷಿಯಾಗಿತ್ತು.

ಮರುದಿನ ಸಾಹೇಬರು ನನ್ನನ್ನು ಒಬ್ಬನನ್ನೇ ಕರೆದರು.

‘ಬಂಡೆ ಐತಿ ಅಂತ ನಿನಗ ಹೆಂಗ ಗೊತ್ತು?’

‘ನಮ್ಮಪ್ಪ ಹೇಳ್ಯಾನ್ರಿ.’

‘ಮತ್ತ್ಯಾರಿಗೆ ಹೇಳ್ಯಾನ?’

‘ಮೊದಲನೇ ಗುತ್ತಿಗೆದಾರಗ್ರಿ. ಟೆಂಡರ್ ಹಾಕೂಕಿಂತ ಮೊದಲ ಬಂದು ಕೇಳಿದ್ರು. ಮತ್ತ ಯಾರೂ ಕೇಳಲಿಲ್ರಿ.’

ಸಾಹೇಬರು ಕಿಟಕಿಯ ಕಡೆ ನೋಡಿದರು. ‘ಆ ಪಟ್ಟಿ ನಾನ ಬರದದ್ದು’ ಎಂದರು. ಕೆಲಸ ಮೊದಲನೆಯವನಿಗೇ ಹೋಗಿ, ಕೊನೆಯ ಬಿಲ್ಲು ಹೆಚ್ಚು ಕಡಿಮೆ ನನ್ನ ಲೆಕ್ಕದಂತೆಯೇ ಬಂದಿತ್ತಂತೆ. ನನ್ನ ಎದೆ ಉಬ್ಬಿತು. ನೌಕರಿ ಸಿಕ್ಕೇಬಿಟ್ಟಿತು ಎಂದುಕೊಂಡೆ.

‘ಆದ್ರ ನೀ ಫೇಲು’ ಎಂದರು. ಟೆಂಡರ್ ಲಕೋಟೆ ಒಡೆದ ಮೇಲೆ ಪಟ್ಟಿಯ ಅಳತೆ ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಇಬ್ಬರೂ ದರ ಬರೆದದ್ದು ಅದೇ ಅಳತೆ ನೋಡಿ. ಮೊತ್ತದ ಸಾಲನ್ನು ಇದ್ದಂತೆ ಇಟ್ಟು, ಬಂಡೆಯ ದರ ವಿಪರೀತವಾಗಿದೆ, ಅಳತೆ ಮತ್ತೆ ನೋಡಿ ಹೊಸದಾಗಿ ಟೆಂಡರ್ ಕರೆಯಬೇಕು ಎಂದು ಷರಾದಲ್ಲಿ ಬರೆಯಬೇಕಿತ್ತು. ‘ಇವತ್ತು ನೀ ಖರೇ ಅಳತಿ ಹಾಕಿ ತಿದ್ದೀದಿ. ನಾಳೆ ಇನ್ನೊಬ್ಬ ಸುಳ್ಳು ಅಳತಿ ಹಾಕಿ ತನಗ ಬೇಕಾದವನ್ನ ಮ್ಯಾಲೆ ತರತಾನ’ ಎಂದರು.

ಅವರು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ನೌಕರಿ ಕುಷ್ಟಗಿಯ ಒಬ್ಬನಿಗೆ ಹೋಯಿತು. ಅವನು ನೂರಾ ಹನ್ನೆರಡು ಎಂದು ಅಚ್ಚುಕಟ್ಟಾಗಿ ಬರೆದು, ಷರಾ ಖಾಲಿ ಬಿಟ್ಟಿದ್ದ.

ಎಂಟು ದಿನದ ಮೇಲೆ ಸಾಹೇಬರು ಸೈಕಲ್ ತುಳಿದುಕೊಂಡು ಬೇವೂರಿಗೆ ಬಂದರು. ಅದೇ ದಾರಿಗೆ ಇನ್ನೊಂದು ಸೇತುವೆ ಆಗಬೇಕಿತ್ತು. ಅಪ್ಪನ ಮುಂದೆ ನಿಂತು, ಅಲ್ಲಿ ಬಂಡೆ ಎಷ್ಟು ಆಳಕ್ಕಿದೆ ಎಂದು ಕೇಳಿದರು.

‘ನನ್ನ ಮಗ ಪಾಸಾದನೇನ್ರಿ?’ ಎಂದ ಅಪ್ಪ.

‘ಇಲ್ಲ.’

‘ಹಂಗಾದ್ರ ನಾ ಯಾಕ ಹೇಳಬೇಕ್ರಿ?’

ನಾನು ನೆಲ ನೋಡುತ್ತ ನಿಂತೆ. ಸಾಹೇಬರು, ‘ಹೇಳಬ್ಯಾಡ್ರಿ. ಆದ್ರ ಈ ಸಲ ನಾ ಕೇಳದ ಪಟ್ಟಿ ಬರಿಯಂಗಿಲ್ಲ’ ಎಂದರು. ಅಪ್ಪನಿಗೆ ಅಲ್ಲಿಯತನಕ ಯಾವ ಅಧಿಕಾರಿಯೂ ‘ರಿ’ ಹಚ್ಚಿ ಮಾತಾಡಿರಲಿಲ್ಲ. ಹಾರೆ ತೆಗೆದುಕೊಂಡು ಮುಂದೆ ನಡೆದ. ಮೂರು ಕಡೆ ಗುಂಡಿ ತೋಡಿ ತೋರಿಸಿದ. ಟೇಪಿನ ತುದಿ ಹಿಡಿಯುವ ಕೆಲಸ ನನಗೆ ಬಂತು.

ಸಾಹೇಬರು ಅಳತೆ ಬರೆದು, ಷರಾ ಅಂಕಣದಲ್ಲಿ, ಮಾಹಿತಿ ಕೊಟ್ಟವರು ಎಂದು ಅಪ್ಪನ ಹೆಸರು ಪೂರ್ತಿ ಬರೆದರು. ನಮ್ಮ ಮನೆತನದ ಹೆಸರು ಸರಕಾರಿ ಕಾಗದಕ್ಕೆ ಏರಿದ್ದು ಅದೇ ಮೊದಲು. ಅಪ್ಪ ಓದಲು ಬಾರದಿದ್ದರೂ ಆ ಸಾಲಿನ ಮೇಲೆ ಬೆರಳಿಟ್ಟು, ‘ಇದ ಏನ್ರಿ?’ ಎಂದು ಎರಡು ಸಲ ಕೇಳಿದ. ಎರಡು ಸಲವೂ ಓದಿ ಹೇಳಿದವನು ಫೇಲಾದ ನಾನು.